ಒಂದು ಅಲರ್ಜಿ ಮಾತ್ರೆ ಮೂತ್ರ ಕಟ್ಟಿಸಿತು, ಇನ್ನೊಂದು ತೂಕಡಿಕೆ ತಂದಿತು: ಏಕೆ?

ಪ್ರಶ್ನೆ: ಡಾಕ್ಟರೇ, ನನ್ನ ಅಪ್ಪನಿಗೆ 71 ವರ್ಷ. ಕಳೆದ ತಿಂಗಳು ನೆಗಡಿಯಾದಾಗ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆಯನ್ನು ದಿನಕ್ಕೆ ಮೂರರಂತೆ ನುಂಗಿದರು. ಎರಡನೆಯ ದಿನ ರಾತ್ರಿ ಮೂತ್ರ ಕಟ್ಟಿ ಆಸ್ಪತ್ರೆಯಲ್ಲಿ ನಳಿಕೆ ಹಾಕಿಸಬೇಕಾಯಿತು. ಮಾತ್ರೆಯೊಳಗಿನ ಅಲರ್ಜಿ ಔಷಧಿಯೇ ಕಾರಣ ಎಂದರು. ನಾನು ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ದೂಳಿನ ಅಲರ್ಜಿಗೆ ಎರಡು ವರ್ಷದಿಂದ ದಿನವೂ ರಾತ್ರಿ ಸೆಟಿರಿಜಿನ್ ತೆಗೆದುಕೊಳ್ಳುತ್ತೇನೆ. ಮೂತ್ರದ ತೊಂದರೆ ಇಲ್ಲ, ಆದರೆ ಕೆಲವು ಬೆಳಿಗ್ಗೆ ತೂಕಡಿಕೆ. ಎರಡೂ ಅಲರ್ಜಿ ಮಾತ್ರೆಯೇ ಆದರೆ ಈ ವ್ಯತ್ಯಾಸ ಏಕೆ? ನಾನು ಯಾವುದನ್ನು ತೆಗೆದುಕೊಳ್ಳಲಿ? ಮಾತ್ರೆಯ ಪಟ್ಟಿಯ ಚಿತ್ರ ಕಳಿಸಿದ್ದೇನೆ.

ಉತ್ತರ: ಮೊದಲು ಆ ಪಟ್ಟಿಯ ಹಿಂಭಾಗವನ್ನೇ ಓದೋಣ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಫೀನೈಲ್‌ಎಫ್ರಿನ್ 10 ಮಿಲಿಗ್ರಾಂ, ಕ್ಲೋರ್‌ಫೆನಿರಮೈನ್ ಮ್ಯಾಲಿಯೇಟ್ 2 ಮಿಲಿಗ್ರಾಂ ಎಂದಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಹೆಚ್ಚಿನವು ಇದೇ ಮೂರರ ಬೆರಕೆ. ಪ್ಯಾರಾಸಿಟಮಾಲ್ ಜ್ವರಕ್ಕೆ ಮತ್ತು ಮೈಕೈ ನೋವಿಗೆ. ಅದರಿಂದ ಮೂತ್ರ ಕಟ್ಟುವುದಿಲ್ಲ. ಉಳಿದ ಎರಡು ನಿಮ್ಮ ತಂದೆಯವರನ್ನು ಎರಡು ಕಡೆಯಿಂದ ಹಿಡಿದವು.

ಮೂತ್ರಕೋಶದ ಗೋಡೆಯ ಸ್ನಾಯು ಬಿಗಿದು ಹಿಂಡಿದಾಗ ಮೂತ್ರ ಹೊರಬರುತ್ತದೆ. ಹಿಂಡು ಎಂಬ ಆಜ್ಞೆಯನ್ನು ನರದಿಂದ ಸ್ನಾಯುವಿಗೆ ತಲುಪಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಸ್ನಾಯುವಿನ ಮೇಲೆ ಅದನ್ನು ಬರಮಾಡಿಕೊಳ್ಳುವ ಗ್ರಾಹಕಕ್ಕೆ ಮಸ್ಕರಿನಿಕ್ ಗ್ರಾಹಕ ಎಂದು ಹೆಸರು. ಕ್ಲೋರ್‌ಫೆನಿರಮೈನ್ ಇರುವುದು ಹಿಸ್ಟಮಿನ್ ತಡೆಯಲಿಕ್ಕೆ, ಆದರೆ ಅದು ಈ ಮಸ್ಕರಿನಿಕ್ ಗ್ರಾಹಕದ ಮೇಲೂ ಹೋಗಿ ಕೂರುತ್ತದೆ. ಆಜ್ಞೆ ಬಂದರೂ ಸ್ನಾಯುವಿಗೆ ಕೇಳಿಸುವುದಿಲ್ಲ. ಇತ್ತ ಫೀನೈಲ್‌ಎಫ್ರಿನ್ ಮೂಗಿನ ರಕ್ತನಾಳಗಳನ್ನು ಬಿಗಿಯುವ ಔಷಧಿ. ಅದೇ ಬಗೆಯ ಬಿಗಿತವನ್ನು ಅದು ಮೂತ್ರಕೋಶದ ಕತ್ತಿನಲ್ಲೂ ಪ್ರಾಸ್ಟೇಟ್ ಗ್ರಂಥಿಯಲ್ಲೂ ಉಂಟುಮಾಡಬಲ್ಲದು. 71ರ ವಯಸ್ಸಿನಲ್ಲಿ ಪ್ರಾಸ್ಟೇಟ್ ಸ್ವಲ್ಪವಾದರೂ ಊದಿಕೊಂಡಿರುವುದು ಸಾಮಾನ್ಯ. ಮೊದಲೇ ಕಿರಿದಾಗಿದ್ದ ದಾರಿ ಇನ್ನಷ್ಟು ಬಿಗಿಯಿತು, ಹಿಂಡುವ ಕೈ ಸೋತಿತು.

ಅದು ಮೊದಲ ಮಾತ್ರೆಗೇ ಆಗದೆ ಎರಡನೆಯ ರಾತ್ರಿ ಆದದ್ದಕ್ಕೂ ಕಾರಣವಿದೆ. ಅಂಗಡಿಯಲ್ಲಿ ದಿನಕ್ಕೆ ಮೂರು ಎನ್ನುತ್ತಾರೆ. ಆದರೆ ದೊಡ್ಡವರ ದೇಹದಲ್ಲಿ ಕ್ಲೋರ್‌ಫೆನಿರಮೈನ್ ಅರ್ಧಕ್ಕೆ ಇಳಿಯಲು ಸುಮಾರು ಇಪ್ಪತ್ತು ಗಂಟೆಯಾದರೂ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಮೊದಲ ದಿನ ಬೆಳಿಗ್ಗೆ ನುಂಗಿದ ಮಾತ್ರೆಯ ಅರ್ಧದಷ್ಟು ಮರುದಿನ ಬೆಳಿಗ್ಗೆ ಇನ್ನೂ ಮೈಯಲ್ಲೇ ಇರುವಾಗ ನಾಲ್ಕನೆಯ ಮಾತ್ರೆ ಬಂದು ಸೇರುತ್ತದೆ. ಎರಡನೆಯ ರಾತ್ರಿ ಆರನೆಯ ಮಾತ್ರೆ ನುಂಗುವ ಹೊತ್ತಿಗೆ ಹಳೆಯದೆಲ್ಲ ಒಟ್ಟುಗೂಡಿ, ಮೊದಲ ಮಾತ್ರೆಯ ಹಲವು ಪಟ್ಟು ಔಷಧಿ ರಕ್ತದಲ್ಲಿತ್ತು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಹಿಸ್ಟಮಿನ್ ಎಂಬುದು ದೂಳು, ಪರಾಗ, ಒಗ್ಗದ ಆಹಾರ ಸೋಕಿದಾಗ ಮಾಸ್ಟ್ ಕೋಶಗಳಿಂದ ಚಿಮ್ಮುವ ರಾಸಾಯನಿಕ. ಅದು ಎಚ್1 ಎಂಬ ಗ್ರಾಹಕಕ್ಕೆ ಅಂಟಿದರೆ ಸೀನು, ನೀರ್ಮೂಗು, ತುರಿಕೆ, ಪಿತ್ತದ ಗಂದೆ ಏಳುತ್ತವೆ. ಆಂಟಿಹಿಸ್ಟಮಿನ್‌ಗಳೆಲ್ಲ ಈ ಎಚ್1 ಗ್ರಾಹಕವನ್ನು ಮುಂಚೆಯೇ ಆಕ್ರಮಿಸುವ ಔಷಧಿಗಳು. 1940ರ ದಶಕದಿಂದ ಬಂದ ಡೈಫೆನ್‌ಹೈಡ್ರಮೈನ್, ಪ್ರೊಮೆಥಜಿನ್, ಫೆನಿರಮೈನ್, ಕ್ಲೋರ್‌ಫೆನಿರಮೈನ್, ಹೈಡ್ರಾಕ್ಸಿಜಿನ್ ಮೊದಲ ಪೀಳಿಗೆಯವು. ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಎರಡನೆಯ ಪೀಳಿಗೆಯವು. ಸೀನು, ತುರಿಕೆ ನಿಲ್ಲಿಸುವುದರಲ್ಲಿ ಹಳೆಯವು ಹೊಸವುಗಳಿಗಿಂತ ಮೇಲಲ್ಲ. ಬೇರೆಯಾಗುವುದು ಎರಡು ವಿಷಯಗಳಲ್ಲಿ: ಎಚ್1 ಬಿಟ್ಟು ಇನ್ನಾವ ಗ್ರಾಹಕವನ್ನು ಮುಟ್ಟುತ್ತವೆ, ಮತ್ತು ಮಿದುಳಿನೊಳಗೆ ಹೋಗುತ್ತವೆಯೇ ಇಲ್ಲವೇ.

ಗ್ರಾಹಕದ ವಿಷಯ ನಿಮ್ಮ ತಂದೆಯವರದ್ದು. ಎಚ್1 ಗ್ರಾಹಕ ಮತ್ತು ಮಸ್ಕರಿನಿಕ್ ಗ್ರಾಹಕ ರಚನೆಯಲ್ಲಿ ಹತ್ತಿರದ ಸಂಬಂಧಿಗಳು. ಮೊದಲ ಪೀಳಿಗೆಯ ಅಣುಗಳು ಚಿಕ್ಕವು, ಜಿಡ್ಡಿನಲ್ಲಿ ಸುಲಭವಾಗಿ ಕರಗುವಂಥವು. ಇಬ್ಬರ ಮನೆಗೂ ಸಲೀಸಾಗಿ ನುಗ್ಗುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ಮೂತ್ರ ತಡೆಯುವುದು ಎಲ್ಲವೂ ಈ ಮಸ್ಕರಿನಿಕ್ ತಡೆಯ ಫಲ. ಪ್ರೊಮೆಥಜಿನ್ ಇನ್ನೂ ಮುಂದೆ ಹೋಗಿ, ರಕ್ತನಾಳದ ಆಲ್ಫಾ ಗ್ರಾಹಕವನ್ನು ತಡೆದು ಎದ್ದು ನಿಂತಾಗ ತಲೆ ಸುತ್ತಿಸುತ್ತದೆ, ಡೋಪಮಿನ್ ಗ್ರಾಹಕವನ್ನು ತಡೆದು ವಾಂತಿ ನಿಲ್ಲಿಸುತ್ತದೆ. ಸೈಪ್ರೊಹೆಪ್ಟಡಿನ್ ಸಿರೊಟೊನಿನ್ ಗ್ರಾಹಕವನ್ನು ತಡೆಯುವುದರಿಂದ ಹಸಿವು ಹೆಚ್ಚಿಸುವ ಟಾನಿಕ್ಕುಗಳಲ್ಲಿ ಸೇರಿಕೊಂಡಿದೆ.

ವಯಸ್ಸಾದವರಲ್ಲಿ ಈ ಮಸ್ಕರಿನಿಕ್ ತಡೆ ಮಿದುಳಿನಲ್ಲೂ ನಡೆದರೆ ಏನಾಗುತ್ತದೆ ಎಂಬುದನ್ನು ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ವಾರ್ಡಿನಲ್ಲಿ ಕಂಡೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಇದ್ದಕ್ಕಿದ್ದಂತೆ ಬುದ್ಧಿ ಕೆಟ್ಟಿದೆ ಎಂದು ಮಗಳು ಕರೆತಂದಿದ್ದರು. ಅಜ್ಜಿ ಹೊದಿಕೆಯಿಂದ ಕಾಣದ ನೂಲನ್ನು ಹೆಕ್ಕುತ್ತಿದ್ದರು, ತೀರಿಕೊಂಡ ಗಂಡನ ಜೊತೆ ಮಾತನಾಡುತ್ತಿದ್ದರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಟಾರ್ಚ್ ಹಾಕಿದರೂ ಕಣ್ಣಿನ ಪಾಪೆ ಅಗಲವಾಗಿಯೇ ಇತ್ತು, ಕೆಳಹೊಟ್ಟೆ ಉಬ್ಬಿತ್ತು. ನಾವು ಮಿದುಳಿನ ಸ್ಕ್ಯಾನ್‌ಗೆ ಬರೆಯುತ್ತಿದ್ದೆವು. ಆಗ ನಮ್ಮ ಹಿರಿಯ ಸಿಸ್ಟರ್ ಮಗಳ ಕೈಚೀಲ ತೆರೆಸಿ ನೋಡಿದರು. ತುರಿಕೆಗೆಂದು ಮೂರು ದಿನದಿಂದ ಕೊಡುತ್ತಿದ್ದ ಫೆನಿರಮೈನ್ ಪಟ್ಟಿ ಅದರಲ್ಲಿತ್ತು. ಮಾತ್ರೆ ನಿಲ್ಲಿಸಿ, ಮೂತ್ರ ತೆಗೆಸಿ ಕಾದೆವು. ಎರಡನೆಯ ದಿನ ಸಂಜೆ ಅಜ್ಜಿ ಮಗಳನ್ನು ಹೆಸರು ಹಿಡಿದು ಕರೆದು ಕಾಫಿ ಕೇಳಿದರು. ಆ ದಿನದಿಂದ ವಯಸ್ಸಾದವರು ಗೊಂದಲಗೊಂಡು ಬಂದರೆ ನಾನು ಮೊದಲು ಕೇಳುವುದು ಕೈಚೀಲವನ್ನು.

ಮಿದುಳಿನ ವಿಷಯ ನಿಮ್ಮದು. ಹಿಸ್ಟಮಿನ್ ಅಲರ್ಜಿಗಷ್ಟೇ ಸೇರಿದ್ದಲ್ಲ. ಮಿದುಳಿನ ಹೈಪೊಥಲಾಮಸ್‌ನ ಹಿಂಭಾಗದಲ್ಲಿ ಹಿಸ್ಟಮಿನ್ ಬಳಸುವ ನರಕೋಶಗಳ ಚಿಕ್ಕ ಗುಂಪೊಂದಿದೆ. ನಾವು ಎಚ್ಚರವಾಗಿರುವಷ್ಟು ಹೊತ್ತು ಅದು ಮಿದುಳಿನ ಉದ್ದಗಲಕ್ಕೂ ಹಿಸ್ಟಮಿನ್ ಹರಿಸುತ್ತ ನಮ್ಮನ್ನು ಎಚ್ಚರದಲ್ಲಿಡುತ್ತದೆ. ನಿದ್ದೆ ಬಂದಾಗ ಸುಮ್ಮನಾಗುತ್ತದೆ. ಅಲ್ಲಿಯೂ ಅದು ಕೆಲಸ ಮಾಡುವುದು ಎಚ್1 ಗ್ರಾಹಕದ ಮೂಲಕವೇ. ಹಾಗಾಗಿ ಎಚ್1 ತಡೆಯುವ ಔಷಧಿ ಮಿದುಳಿಗೆ ಹೊಕ್ಕರೆ ಎಚ್ಚರ ಕುಗ್ಗಲೇಬೇಕು.

ಎಷ್ಟು ಹೊಗುತ್ತದೆ ಎಂಬುದನ್ನು ಅಳೆಯಬಹುದು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು ಪೆಟ್ ಸ್ಕ್ಯಾನ್ ಮೂಲಕ, ಮಾತ್ರೆ ನುಂಗಿದವರ ಮಿದುಳಿನಲ್ಲಿ ಎಚ್1 ಗ್ರಾಹಕಗಳ ಎಷ್ಟು ಪಾಲನ್ನು ಔಷಧಿ ಆಕ್ರಮಿಸಿದೆ ಎಂದು ನೋಡಿದರು. ಮೊದಲ ಪೀಳಿಗೆಯವು ಸಾಮಾನ್ಯ ಪ್ರಮಾಣದಲ್ಲೇ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲನ್ನು ಹಿಡಿಯುತ್ತವೆ. ಸೆಟಿರಿಜಿನ್ 10 ಮಿಲಿಗ್ರಾಂ ಸುಮಾರು ಶೇಕಡ 12ರಷ್ಟು, 20 ಮಿಲಿಗ್ರಾಂ ಸುಮಾರು ಶೇಕಡ 25ರಷ್ಟು. ಫೆಕ್ಸೊಫೆನಡಿನ್ ಮತ್ತು ಬಿಲಾಸ್ಟಿನ್ ಹೆಚ್ಚೂಕಡಿಮೆ ಸೊನ್ನೆ. ನಿಮ್ಮ ಬೆಳಗಿನ ತೂಕಡಿಕೆಯ ಉತ್ತರ ಈ ಅಂಕಿಗಳಲ್ಲೇ ಇದೆ. ಸೆಟಿರಿಜಿನ್ ಎರಡನೆಯ ಪೀಳಿಗೆಯದ್ದಾದರೂ ಮಿದುಳಿನ ಹೊಸ್ತಿಲನ್ನು ಕೊಂಚ ದಾಟುತ್ತದೆ. ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಎಂಟು ಗಂಟೆ ಬೇಕು. ರಾತ್ರಿ ಹತ್ತಕ್ಕೆ ನುಂಗಿದರೆ ಬೆಳಿಗ್ಗೆ ಆರಕ್ಕೆ ನೀವು ಸ್ಟೇರಿಂಗ್ ಹಿಡಿಯುವಾಗ ಅರ್ಧ ಇನ್ನೂ ಉಳಿದಿದೆ. ಬಹಳ ಮಂದಿಗೆ ಇದರಿಂದ ಏನೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ನೀವು ಆ ಕೆಲವರಲ್ಲಿ ಒಬ್ಬರು. ಲೆವೊಸೆಟಿರಿಜಿನ್ ಇದರದೇ ಸಕ್ರಿಯ ಅರ್ಧಭಾಗವಾದ್ದರಿಂದ, ಅದಕ್ಕೆ ಬದಲಾಯಿಸಿದರೆ ತೂಕಡಿಕೆ ಹೋಗುತ್ತದೆ ಎಂದು ನಂಬಬೇಡಿ.

ಹೊಸವು ಹೊರಗುಳಿಯುವುದು ಹೇಗೆ ಎಂಬುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ ಸೆಟಿರಿಜಿನ್‌ನದೇ. ಅದು ಹುಟ್ಟಿದ್ದು ಹೈಡ್ರಾಕ್ಸಿಜಿನ್ ಎಂಬ ಗಾಢ ನಿದ್ದೆಯ ಔಷಧಿಯಿಂದ. ನಮ್ಮ ದೇಹವೇ ಹೈಡ್ರಾಕ್ಸಿಜಿನ್‌ನ ಒಂದು ತುದಿಯನ್ನು ಆಕ್ಸಿಡೀಕರಿಸಿ ಅಲ್ಲೊಂದು ಆಮ್ಲದ ಗುಂಪನ್ನು ಕಟ್ಟುತ್ತದೆ. ಹಾಗೆ ಸಿಕ್ಕಿದ ವಸ್ತುವೇ ಸೆಟಿರಿಜಿನ್. ಆ ಒಂದು ಗುಂಪಿನಿಂದ ಅಣುವಿನ ಮೇಲೆ ಧನ, ಋಣ ಎರಡೂ ವಿದ್ಯುದಂಶ ನಿಂತವು, ಜಿಡ್ಡಿನಲ್ಲಿ ಕರಗುವ ಗುಣ ಕುಗ್ಗಿತು. ಮಿದುಳಿನ ರಕ್ತನಾಳಗಳ ಒಳಗೋಡೆ ಜಿಡ್ಡಿನ ಗೋಡೆ, ದಾಟುವುದು ಕಷ್ಟವಾಯಿತು. ಮಸ್ಕರಿನಿಕ್ ಗ್ರಾಹಕದ ಮೇಲಿನ ಹಿಡಿತವೂ ಸಡಿಲವಾಯಿತು, ಎಚ್1 ಮೇಲಿನ ಹಿಡಿತ ಮಾತ್ರ ಉಳಿಯಿತು. ಫೆಕ್ಸೊಫೆನಡಿನ್‌ಗೆ ಇನ್ನೊಂದು ಕಾವಲೂ ಇದೆ. ಮಿದುಳಿನ ರಕ್ತನಾಳದ ಗೋಡೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪುಗಳಿವೆ. ಗೋಡೆಯೊಳಗೆ ನುಸುಳಿದಷ್ಟನ್ನೂ ಅವು ಮತ್ತೆ ರಕ್ತಕ್ಕೆ ಎಸೆಯುತ್ತವೆ.

ಫೆಕ್ಸೊಫೆನಡಿನ್ ಹಿಂದೆ ಒಂದು ಕಹಿ ಪಾಠವಿದೆ. ಅದರ ತಾಯಿ ಔಷಧಿ ಟರ್ಫೆನಡಿನ್. ನಿದ್ದೆ ತರಿಸದ ಮೊದಲ ಆಂಟಿಹಿಸ್ಟಮಿನ್ ಎಂದು ಜಗತ್ತಿನಲ್ಲೆಲ್ಲ ಮಾರಾಟವಾಯಿತು. ಯಕೃತ್ತು ಅದನ್ನು ಬೇಗನೆ ಫೆಕ್ಸೊಫೆನಡಿನ್ ಆಗಿ ಪರಿವರ್ತಿಸುತ್ತಿದ್ದುದರಿಂದ ತೊಂದರೆ ಕಾಣಲಿಲ್ಲ. ಆದರೆ ಕೀಟೊಕೊನಜೋಲ್ ಅಥವಾ ಎರಿತ್ರೊಮೈಸಿನ್ ಜೊತೆಗೆ ನುಂಗಿದವರಲ್ಲಿ ಯಕೃತ್ತಿನ ಆ ಕೆಲಸ ನಿಂತುಹೋಗಿ ಟರ್ಫೆನಡಿನ್ ಹಾಗೆಯೇ ರಕ್ತದಲ್ಲಿ ಉಳಿಯಿತು. ಅದು ಹೃದಯದ ಪೊಟ್ಯಾಸಿಯಮ್ ವಾಹಿನಿಯನ್ನು ಮುಚ್ಚಿ, ಲಯ ಕೆಡಿಸಿ, ಸಾವುಗಳಿಗೆ ಕಾರಣವಾಯಿತು. 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಅದು ಹೋಯಿತು. ಆ ದೋಷವಿಲ್ಲದ ಅದರ ಮಗು ಉಳಿಯಿತು. ಹೊಸ ಪೀಳಿಗೆ ಎಂಬ ಹೆಸರು ಕೇಳಿ ಕಣ್ಣು ಮುಚ್ಚಿ ನಂಬಬಾರದು ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಈ ಕಥೆ ಹೇಳುತ್ತೇನೆ.

ನಿಮಗೆ ಇನ್ನೊಂದು ಮಾತು, ನೀವು ಗಾಡಿ ಓಡಿಸುವವರಾದ್ದರಿಂದ. ತೂಕಡಿಕೆ ಅನ್ನಿಸದ ದಿನ ನಾನು ಸರಿಯಾಗಿದ್ದೇನೆ ಎಂದು ನೀವು ಭಾವಿಸುತ್ತಿರಬಹುದು. 2000ನೇ ಇಸವಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 40 ಮಂದಿ ಅಲರ್ಜಿ ರೋಗಿಗಳನ್ನು ಚಾಲನಾ ಸಿಮ್ಯುಲೇಟರ್‌ನಲ್ಲಿ ಕೂರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ವಾರಗಳಲ್ಲಿ ಡೈಫೆನ್‌ಹೈಡ್ರಮೈನ್ 50 ಮಿಲಿಗ್ರಾಂ, ಫೆಕ್ಸೊಫೆನಡಿನ್ 60 ಮಿಲಿಗ್ರಾಂ, ಮದ್ಯ, ಔಷಧಿಯಿಲ್ಲದ ಸುಳ್ಳು ಮಾತ್ರೆ ಕೊಟ್ಟು, ಮುಂದಿನ ಕಾರಿನ ವೇಗಕ್ಕೆ ಹೊಂದಿಕೊಂಡು ಹೋಗುವಂತೆ ಹೇಳಿದರು. ಮದ್ಯದ ಪ್ರಮಾಣ ನಮ್ಮ ಮೋಟಾರು ವಾಹನ ಕಾಯ್ದೆಯ 30 ಮಿಲಿಗ್ರಾಂ ಮಿತಿಯ ಮೂರು ಪಟ್ಟು ದಾಟಿತ್ತು. ಆದರೂ ಅತಿ ಕೆಟ್ಟದಾಗಿ ಓಡಿಸಿದ್ದು ಡೈಫೆನ್‌ಹೈಡ್ರಮೈನ್ ನುಂಗಿದಾಗ. ಫೆಕ್ಸೊಫೆನಡಿನ್ ನುಂಗಿದಾಗಿನ ಚಾಲನೆ ಸುಳ್ಳು ಮಾತ್ರೆಯಂತೆಯೇ ಇತ್ತು. ಅದಕ್ಕಿಂತ ಮುಖ್ಯವಾದದ್ದು, ಎಷ್ಟು ನಿದ್ದೆ ಬರುತ್ತಿದೆ ಎಂದು ಅವರೇ ಹೇಳಿಕೊಂಡದ್ದಕ್ಕೂ ಅವರ ಚಾಲನೆ ಎಷ್ಟು ಕೆಟ್ಟಿತು ಎಂಬುದಕ್ಕೂ ತಾಳೆಯಾಗಲಿಲ್ಲ. ನಿದ್ದೆ ಅನ್ನಿಸದಿದ್ದರೂ ಬ್ರೇಕಿನ ಮೇಲೆ ಕಾಲು ಹೋಗುವುದು ತಡವಾಗಬಹುದು. ಅಮೆರಿಕದ ವಿಮಾನಯಾನ ನಿಯಂತ್ರಕರು ಪೈಲಟ್‌ಗಳಿಗೆ ಫೆಕ್ಸೊಫೆನಡಿನ್ ಮತ್ತು ಲೊರಾಟಡಿನ್ ಒಪ್ಪಿ ಸೆಟಿರಿಜಿನ್ ಒಪ್ಪದಿರುವುದು ಈ ಕಾರಣಕ್ಕೇ.

ಆದ್ದರಿಂದ ನನ್ನ ಸಲಹೆ: ಸೆಟಿರಿಜಿನ್ ಬದಲು ಫೆಕ್ಸೊಫೆನಡಿನ್ 120 ಮಿಲಿಗ್ರಾಂ, ದಿನಕ್ಕೊಂದು. ನಿಮ್ಮ ವೈದ್ಯರಿಗೆ ತಿಳಿಸಿ ಬದಲಾಯಿಸಿ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಅದನ್ನು ನೀರಿನೊಂದಿಗೇ ನುಂಗಿ. ಕಿತ್ತಳೆ, ಸೇಬಿನ ರಸದೊಂದಿಗೆ ನುಂಗಿದರೆ ಕರುಳು ಅದನ್ನು ಹೀರುವುದು ಗಣನೀಯವಾಗಿ ಇಳಿಯುತ್ತದೆ. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಎದೆಯುರಿಯ ಔಷಧಿಯನ್ನೂ ಅದೇ ಹೊತ್ತಿಗೆ ತೆಗೆದುಕೊಳ್ಳಬೇಡಿ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಬಂದವರಲ್ಲಿ ಬೆಳಗಿನ ಜ್ಯೂಸಿನೊಂದಿಗೆ ನುಂಗುತ್ತಿದ್ದವರನ್ನು ನಾನು ಕಂಡಿದ್ದೇನೆ. ಹೊಸ ಮಾತ್ರೆಯನ್ನು ರಜೆಯ ದಿನ ಶುರುಮಾಡಿ. ಸೀನು, ನೀರ್ಮೂಗು ಹೋದರೂ ಮೂಗು ಕಟ್ಟುವುದು ಮಾತ್ರ ಉಳಿದರೆ ಮಾತ್ರೆ ಹೆಚ್ಚಿಸಬೇಡಿ. ಕಟ್ಟಿದ ಮೂಗಿಗೆ ಯಾವ ಆಂಟಿಹಿಸ್ಟಮಿನ್ ಮಾತ್ರೆಯೂ ಅಷ್ಟು ಉಪಯೋಗವಿಲ್ಲ. ಅದಕ್ಕೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಮೇಲು. ಎರಡು ವರ್ಷದಿಂದ ದಿನವೂ ಸೆಟಿರಿಜಿನ್ ನುಂಗುತ್ತಿದ್ದೀರಿ. ಇಷ್ಟು ಕಾಲದ ನಂತರ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅಪರೂಪಕ್ಕೆ ಕೆಲವರಿಗೆ ಮೈಯೆಲ್ಲ ತೀವ್ರ ತುರಿಕೆ ಬರುತ್ತದೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದರ ಬಗ್ಗೆ ಎಚ್ಚರಿಸಿದ್ದಾರೆ. ಹಾಗಾದರೆ ಗಾಬರಿ ಬೇಡ, ವೈದ್ಯರನ್ನು ಕಂಡು ನಿಧಾನವಾಗಿ ಇಳಿಸುವ ದಾರಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಹಳೆಯವನ್ನು ಕಸದ ಬುಟ್ಟಿಗೆ ಹಾಕಬೇಕೇ ಎಂದರೆ ಇಲ್ಲ. ಅವುಗಳ ದೋಷವೇ ಕೆಲವು ಕಡೆ ಗುಣ. ನಿಮ್ಮ ಟ್ಯಾಕ್ಸಿಯಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ವಾಂತಿ ಮಾಡುವ ಪ್ರಯಾಣಿಕರಿಗೆ ಫೆಕ್ಸೊಫೆನಡಿನ್ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಪ್ರಯಾಣದ ವಾಂತಿ ನಿಲ್ಲಬೇಕಾದರೆ ಔಷಧಿ ಮಿದುಳಿಗೇ ಹೋಗಿ ಎಚ್1 ಮತ್ತು ಮಸ್ಕರಿನಿಕ್ ಗ್ರಾಹಕಗಳನ್ನು ತಡೆಯಬೇಕು. ಅದಕ್ಕೆ ಪ್ರೊಮೆಥಜಿನ್ ಅಥವಾ ಡೈಮೆನ್‌ಹೈಡ್ರಿನೇಟ್, ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಪ್ರಯಾಣಿಕರಿಗೆ ಮಾತ್ರ, ಚಾಲಕರಿಗೆ ಎಂದೂ ಅಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಬಾರದು, ಉಸಿರಾಟ ಕುಗ್ಗಿ ಅಪಾಯವಾಗುತ್ತದೆ. ಬಸಿರಿನ ಮೊದಲ ತಿಂಗಳುಗಳ ವಾಂತಿಗೆ ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಜೋಡಿ ಇಂದಿಗೂ ವೈದ್ಯರ ಮೊದಲ ಆಯ್ಕೆಗಳಲ್ಲೊಂದು. ಡಾಕ್ಸಿಲಮೈನ್ ಕೂಡ ಮೊದಲ ಪೀಳಿಗೆಯದೇ.

ನಿದ್ದೆ ಬಾರದವರು ಇವನ್ನು ನಿದ್ದೆಮಾತ್ರೆಯಾಗಿ ನುಂಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂರು ನಾಲ್ಕು ರಾತ್ರಿಗಳಲ್ಲಿ ಮಿದುಳು ಒಗ್ಗಿಕೊಂಡು ನಿದ್ದೆಯ ಗುಣ ಕಳೆದುಹೋಗುತ್ತದೆ, ಬಾಯಿ ಒಣಗುವುದು ಮತ್ತು ಮರುದಿನದ ಮಂಕು ಉಳಿಯುತ್ತವೆ. ಪಿತ್ತದ ಗಂದೆಗೆ ಎರಡನೆಯ ಪೀಳಿಗೆಯವೇ ಸರಿ. ಸಾಮಾನ್ಯ ಪ್ರಮಾಣ ಸಾಲದಿದ್ದರೆ ಚರ್ಮವೈದ್ಯರು ಅದನ್ನೇ ನಾಲ್ಕು ಪಟ್ಟಿನವರೆಗೆ ಏರಿಸುತ್ತಾರೆ, ಹಳೆಯದನ್ನು ಸೇರಿಸುವುದಿಲ್ಲ. ಇನ್ನು ಅಲರ್ಜಿ ಉಲ್ಬಣಿಸಿ ಉಸಿರು ಕಟ್ಟಿದಾಗ, ನಾಲಿಗೆ ಊದಿದಾಗ, ರಕ್ತದೊತ್ತಡ ಕುಸಿದಾಗ ಎರಡೂ ಪೀಳಿಗೆಗಳು ಜೀವ ಉಳಿಸಲಾರವು. ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದೇ ಮೊದಲು. ಫೆನಿರಮೈನ್ ಇಂಜೆಕ್ಷನ್ ಕೊಟ್ಟು ಕಾಯುವುದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ.

ನಿಮ್ಮ ತಂದೆಯವರ ವಿಷಯಕ್ಕೆ ಮರಳುತ್ತೇನೆ. ಅವರಿಗಿದ್ದದ್ದು ನೆಗಡಿ, ಅಲರ್ಜಿಯಲ್ಲ. ವೈರಸ್ ನೆಗಡಿಯಲ್ಲಿ ಮೂಗು ಸೋರುವುದಕ್ಕೆ ಹಿಸ್ಟಮಿನ್ ಮುಖ್ಯ ಕಾರಣವಲ್ಲ. ಹಾಗಾಗಿ ಸೆಟಿರಿಜಿನ್‌ನಂಥ ಶುದ್ಧ ಎಚ್1 ತಡೆಯಿಂದ ಅಲ್ಲಿ ಹೆಚ್ಚೇನೂ ಆಗುವುದಿಲ್ಲ. ಕ್ಲೋರ್‌ಫೆನಿರಮೈನ್ ಕೊಂಚ ಕೆಲಸ ಮಾಡುವುದು ಅದೇ ಮಸ್ಕರಿನಿಕ್ ತಡೆಯಿಂದ, ಅಂದರೆ ಮೂಗನ್ನು ಒಣಗಿಸಿ. ಮೂಗು ಒಣಗಿಸಿದ ಗುಣವೇ ಮೂತ್ರಕೋಶವನ್ನು ಸೋಲಿಸಿತು. ಮುಂದಿನ ಬಾರಿ ನೆಗಡಿಯಾದರೆ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಮೂಗಿಗೆ ಉಪ್ಪುನೀರಿನ ಹನಿ ಸಾಕು. ನಿಜಕ್ಕೂ ಅಲರ್ಜಿ ಬಂದರೆ ಎರಡನೆಯ ಪೀಳಿಗೆಯದನ್ನು, ವೈದ್ಯರು ಮೂತ್ರಪಿಂಡದ ಪರೀಕ್ಷೆ ನೋಡಿ ಬರೆದ ಪ್ರಮಾಣದಲ್ಲಿ ಕೊಡಿ. ಸೆಟಿರಿಜಿನ್ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ ವಯಸ್ಸಾದವರಿಗೆ ಹಲವೊಮ್ಮೆ ಅರ್ಧ ಸಾಕಾಗುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದೂ ಗೊತ್ತಿರಲಿ: ಕ್ಲೋರ್‌ಫೆನಿರಮೈನ್ ಮತ್ತು ಫೀನೈಲ್‌ಎಫ್ರಿನ್ ಬೆರೆಸಿದ ಹನಿಗಳನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು ಎಂದು ಲೇಬಲ್ ಮೇಲೆ ನಮೂದಿಸುವಂತೆ ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ.

ನಳಿಕೆ ತೆಗೆದ ಮೇಲೂ ತಂದೆಯವರಿಗೆ ಧಾರೆ ಸಣ್ಣದಾಗಿದ್ದರೆ, ಶುರುವಾಗಲು ಕಾಯಬೇಕಾದರೆ, ರಾತ್ರಿ ಎರಡು ಮೂರು ಬಾರಿ ಏಳುತ್ತಿದ್ದರೆ ಮೂತ್ರರೋಗ ತಜ್ಞರಿಂದ ಪ್ರಾಸ್ಟೇಟ್ ಪರೀಕ್ಷೆ ಮಾಡಿಸಿ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥವೂ ಇದೇ ಮಸ್ಕರಿನಿಕ್ ಗ್ರಾಹಕವನ್ನು ತಡೆಯುತ್ತವೆ, ಒಂದರ ಮೇಲೊಂದು ಸೇರಿದರೆ ಮತ್ತೆ ಮೂತ್ರ ಕಟ್ಟಬಹುದು. ಆ ನೆಗಡಿ ಮಾತ್ರೆಯ ಹೆಸರಿನ ಬದಲು ಕ್ಲೋರ್‌ಫೆನಿರಮೈನ್, ಫೀನೈಲ್‌ಎಫ್ರಿನ್ ಎಂಬ ಎರಡು ಹೆಸರುಗಳನ್ನು ಚೀಟಿಯಲ್ಲಿ ಬರೆದು ತಂದೆಯವರ ಜೇಬಿನಲ್ಲಿಡಿ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೂ ಒಳಗಿರುವುದು ಅದೇ ಆಗಿರಬಹುದು.